ನೂರ ಹನ್ನೆರಡನೇ ಪುಟದ ಸಮಾಧಾನ

ಮನೆ, ಕಿಟಕಿ ಪಕ್ಕದ ಮೇಜು
ತಾರೀಕು ಹದಿನಾಲ್ಕು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತಾ, ಇಲ್ಲ ಇನ್ನೂ ವಾರ್ಡಿನ ಉದ್ದಕ್ಕೂ ಓಡಾಡಿ ಅದನ್ನು ಬೆಳೆಸುತ್ತಾ ಇದ್ದೀಯಾ? ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಇದೆ ಅಂತ ಭಾವ ಫೋನಿನಲ್ಲಿ ಹೇಳಿದರು. ಅವರ ಕೆಮ್ಮು ಫೋನಿನಲ್ಲೇ ಕೇಳಿಸಿತು. ಊರಿನ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿಕೊಳ್ಳುವ ನರ್ಸಮ್ಮನ ಮನೆಯಲ್ಲೇ ಕೆಮ್ಮಿಗೆ ಔಷಧಿ ಇಲ್ಲ ಅಂದರೆ ಜನ ಏನೆಂದುಕೊಳ್ಳಬೇಕು? ಬಿಸಿನೀರು ಕುಡಿಯಲು ಹೇಳು. ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತಿಗಾದರೂ ಹೆದರುತ್ತಾರೆ.

ಇಲ್ಲಿ ಎಲ್ಲ ಕ್ಷೇಮ. ಇವರು ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ನನ್ನನ್ನು ಓಡಿಸಲು ಶುರುಮಾಡಿದ್ದಾರೆ. ಬೆಳಗ್ಗೆ ಆರಕ್ಕೇ ಎದ್ದು, ಹೊರಡುವ ಹೊತ್ತಾಯಿತು ಅನ್ನುವ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಎಲ್ಲಿಗೂ ಹೊರಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ ಅಷ್ಟೆ. ನಾನು ಪ್ರೆಸ್ಸಿಗೆ ಹೋಗುವುದು ಈಗ ವಾರಕ್ಕೆ ಮೂರೇ ದಿನ. ಉಳಿದ ದಿನ ಪ್ರೂಫು ಮನೆಗೇ ತಂದು ತಪ್ಪು ತಿದ್ದುತ್ತೇನೆ. ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡರೆ ಶಾಲಾ ಇನ್ಸ್‌ಪೆಕ್ಟರ್ ಥರ ಕಾಣುತ್ತೀಯ ಅಂತ ಇವರು ಹೇಳಿದರು. ಹಾಗಾಗಿ ಇವರ ಎದುರು ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ, ಅದಕ್ಕೇ ಈ ಕಾಗದದ ಅಕ್ಷರ ಅಲ್ಲಲ್ಲಿ ಗೆರೆ ದಾಟಿದೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ಬರೆದ ನೆನಪಿನ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ. ಪ್ರೆಸ್ಸಿನ ಯಜಮಾನರು ಹೊಸದಾಗಿ ಅಕ್ಷರ ಜೋಡಿಸಿ, ಪ್ರೂಫಿನ ಕಟ್ಟನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಮುಂದಿನ ತಿಂಗಳ ಐದನೇ ತಾರೀಕಿಗೆ ವಾಪಸು ಕೊಡಬೇಕು. ನೂರ ಹನ್ನೊಂದು ಪುಟ ಮೂರು ದಿನದಲ್ಲಿ ನೋಡಿ ಮುಗಿಸಿದೆ. ನೂರ ಹನ್ನೆರಡರ ಹತ್ತಿರ ಬಂದು ಎಂಟು ದಿನದಿಂದ ಕೂತಿದ್ದೇನೆ. ಆ ಪುಟದಲ್ಲಿ ಏನಿದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆ ಪುಟ ಓದಿದ ಮೇಲೆ ನೀನು ಈ ಮನೆಗೆ ಬಂದಿದ್ದು ಒಂದೇ ಸಲ, ಅದೂ ಅಪ್ಪ ಹೋದ ದಿನ. ಮಾರನೇ ದಿನ ಹೊರಟು ನಿಂತಾಗ ಬಾಗಿಲಲ್ಲಿ ಒಂದೇ ಮಾತು ಅಂದೆ, "ನನ್ನ ಪುಟಕ್ಕೆ ಅಪ್ಪ ಎಲ್ಲಕ್ಕಿಂತ ಕೆಳಗಿನ ಕ್ಲಿಪ್ಪು ಹಾಕಿದ್ದಾರೆ, ನೋಡಿದ್ಯಾ?" ನಾನು ನಿನ್ನ ಚೀಲದ ಜಿಪ್ಪು ಎಳೆಯುವ ನೆಪದಲ್ಲಿ ತಲೆ ಬಗ್ಗಿಸಿದೆ. ಐದು ವರ್ಷವಾಯಿತು. ಆ ಪುಟದ ವಿಷಯ ನಿನ್ನ ಜೊತೆ ಮಾತಾಡದೆ ಈ ಪ್ರೂಫನ್ನು ವಾಪಸು ಕೊಡಬಾರದು ಅಂತ ನಿಶ್ಚಯ ಮಾಡಿದ್ದೇನೆ. ಅದಕ್ಕೇ ಈ ಕಾಗದ.

ಬೇರೆ ಯಾರಾದರೂ ಆ ಪುಟ ಓದಿದರೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. "ಮೊದಲ ಮಗು ಹುಟ್ಟಿತು. ನರ್ಸು ಬಂದು ಹೆಣ್ಣು ಅಂದಳು. ನನಗೆ ಸಮಾಧಾನವಾಯಿತು. ಬೆಂಚಿನ ಮೇಲೆ ಕೂತು ಉಸಿರು ಬಿಟ್ಟೆ." ಇದನ್ನು ಓದಿ ಪಕ್ಕದ ಮನೆಯ ಟೈಲರ್ ಅಮ್ಮ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರು. ಸಮಾಧಾನ ಅಂದರೆ ಎಷ್ಟು ಅಂತ ಅಳತೆ ಗೊತ್ತಿರುವುದು ಭೂಮಿಯ ಮೇಲೆ ನಾಲ್ಕೇ ಜನಕ್ಕೆ. ಅದರಲ್ಲಿ ಇಬ್ಬರು ಹೋದರು. ಉಳಿದಿದ್ದು ನೀನು ಮತ್ತು ನಾನು.

ಆ ದಾರ ನೆನಪಿದೆಯಾ ಅಕ್ಕಾ? ಈಗ ನಾನು ಕೂತಿರುವ ಇದೇ ಕಿಟಕಿಯ ಮೇಲಿನ ಕೊಕ್ಕೆಯಿಂದ ಮೇಜಿನ ಕಾಲಿನವರೆಗೆ ಇಳಿಬಿಟ್ಟ ಗೋಣಿ ಹೊಲಿಯುವ ದಾರ. ಅಪ್ಪ ಅದನ್ನು ರೈಲ್ವೆ ಗೂಡ್ಸ್ ಶೆಡ್ಡಿನಿಂದ ತಂದಿದ್ದರು. ಹಗಲೆಲ್ಲ ಅಲ್ಲಿ ಮೂಟೆಗಳ ತೂಕ ಬರೆಯುವ ಗುಮಾಸ್ತ, ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆ ವಾರಪತ್ರಿಕೆಯ ಧಾರಾವಾಹಿ ಲೇಖಕ. ದಾರಕ್ಕೆ ಕಾರಣ ಆ ಓದುಗನ ಕಾಗದ. ಅಪ್ಪನ ಮೊದಲ ಧಾರಾವಾಹಿಯಲ್ಲಿ, ಮೂರನೇ ವಾರವೇ ಕಥಾನಾಯಕಿಗೆ ಒಂದು ಕಾಗದ ಬಂದು ಅವಳಿಗೆ ಪರಮಾನಂದವಾಗಿಬಿಟ್ಟಿತ್ತು. ಇಪ್ಪತ್ತನೇ ವಾರ ಅವಳ ಮದುವೆಯಾಯಿತು, ಆಗಲೂ ಪರಮಾನಂದ. ಮೂವತ್ತನೇ ವಾರ ಕಳೆದುಹೋದ ತಮ್ಮ ಸಿಕ್ಕಿದ, ಮತ್ತೆ ಪರಮಾನಂದ. ಎಲ್ಲಿಯದೋ ಒಬ್ಬ ಓದುಗ ಒಂದು ಕಾರ್ಡು ಬರೆದ, "ಸ್ವಾಮಿ, ನಿಮ್ಮ ಹುಡುಗಿಗೆ ಕಾಗದ ಬಂದರೂ ಅಷ್ಟೇ, ಗಂಡ ಬಂದರೂ ಅಷ್ಟೇ, ತಮ್ಮ ಬಂದರೂ ಅಷ್ಟೇ. ನಾವು ಯಾವುದಕ್ಕೆ ಜಾಸ್ತಿ ಖುಷಿಪಡಬೇಕು?" ಅಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ, "ಮೂಟೆಗೊಂದು ತೂಕ ಬರೀತೀನಿ, ಮಾತಿಗೆ ಬರೆಯೋದು ಬೇಡ್ವಾ?" ಅಂತ ಹಳೆಯ ತೂಕದ ಚೀಟಿಗಳ ಹಿಂಬದಿಯಲ್ಲಿ ಖುಷಿಯ ಪದಗಳನ್ನೆಲ್ಲ ಬರೆದು, ಅಮ್ಮನ ಬಟ್ಟೆ ಕ್ಲಿಪ್ಪು ಕಿತ್ತುಕೊಂಡು ಬಂದು ದಾರಕ್ಕೆ ಸಿಕ್ಕಿಸಿದರು. ಅವತ್ತಿನಿಂದ ನಮ್ಮ ಮನೆಯ ಒದ್ದೆ ಬಟ್ಟೆಗೆ ಕ್ಲಿಪ್ಪಿಲ್ಲ. ಅಪ್ಪನ ಅಂಗಿ ಹಾರಿ ಪಕ್ಕದವರ ಸಜ್ಜಾದ ಮೇಲೆ ಬಿದ್ದಾಗ ಅಮ್ಮ ಅಂದಿದ್ದಳಲ್ಲ, "ನನಗೆ ಬರೀ ಖುಷಿ ಒಂದೇ ಸಾಕು, ಉಳಿದ ಹತ್ತು ಕ್ಲಿಪ್ಪು ವಾಪಸು ಕೊಡಿ."

ಹನ್ನೊಂದು ಇದ್ದವು. ನನಗೆ ಈಗಲೂ ಕಣ್ಣು ಮುಚ್ಚಿದರೆ ಕೆಳಗಿನಿಂದ ಮೇಲಕ್ಕೆ ಬರುತ್ತವೆ: ಸಮಾಧಾನ, ನೆಮ್ಮದಿ, ತೃಪ್ತಿ, ಖುಷಿ, ಸಂತೋಷ, ಉಲ್ಲಾಸ, ಹಿಗ್ಗು, ಸಂಭ್ರಮ, ಆನಂದ, ಪರಮಾನಂದ, ಮೈಮರೆವು. ಕೆಳಗಿನ ಮೂರನ್ನು ಬೇರೆಬೇರೆ ಮಾಡುವುದಕ್ಕೇ ನೀನೂ ಅಪ್ಪನೂ ಒಂದು ವಾರ ತೆಗೆದುಕೊಂಡಿರಿ. ನೀನಾಗ ಹನ್ನೆರಡು ವರ್ಷದವಳು, ನಾನು ಎಂಟು. ನೆಮ್ಮದಿ ಅಂದರೆ ತಲೆಯ ಮೇಲೆ ಚಿಂತೆ ಇಲ್ಲದಿರುವುದು, ಅದಕ್ಕೆ ಏನೂ ಸಿಗಬೇಕಾಗಿಲ್ಲ. ತೃಪ್ತಿಗೆ ಏನಾದರೂ ಸಿಗಬೇಕು, ಸಿಕ್ಕಿದ್ದು ಸಾಕು ಅನ್ನಿಸಬೇಕು. ಸಮಾಧಾನಕ್ಕೆ ಮೊದಲು ಒಂದು ಕಳವಳ ಇದ್ದಿರಬೇಕು, ಅದು ಇಳಿದಿರಬೇಕು. ಹಾಗಾಗಿ ಅದು ಖುಷಿಯ ಹೊಸಿಲು ಅಷ್ಟೇ, ಇನ್ನೂ ಒಳಗೆ ಬಂದಿಲ್ಲ ಅಂತ ನೀನು ಹೇಳಿದೆ. ಅಪ್ಪ ಅದನ್ನು ಕಿತ್ತು ಎಲ್ಲಕ್ಕಿಂತ ಕೆಳಗೆ ಸಿಕ್ಕಿಸಿದರು. ಅದನ್ನು ಅಲ್ಲಿ ಇಡಿಸಿದವಳು ನೀನೇ ಅಂತ ನಿನಗೆ ನೆನಪಿರಬೇಕು. ನೆನಪಿರುವುದರಿಂದಲೇ ಅಷ್ಟು ನೋವಾಗಿರಬೇಕು.

ಖುಷಿಯೂ ಸಂತೋಷವೂ ಒಂದೇ ಅಂತ ಅಪ್ಪ ವಾದಿಸಿದರು. ನೀನು ಒಪ್ಪಲಿಲ್ಲ. ಖುಷಿ ಬಂದು ಹೋಗುತ್ತದೆ, ಬೀದಿಯಲ್ಲಿ ಗೆಳತಿ ಸಿಕ್ಕರೆ ಖುಷಿ, ಮೂಲೆ ತಿರುಗಿದರೆ ಮುಗಿಯಿತು. ಸಂತೋಷ ರಾತ್ರಿ ಮಲಗುವವರೆಗಾದರೂ ಉಳಿಯಬೇಕು. ಹಾಲು ಕುಡಿದಷ್ಟು ಸಂತೋಷ ಅಂತಾರೆ, ಹಾಲು ಕುಡಿದಷ್ಟು ಖುಷಿ ಅನ್ನುವುದಿಲ್ಲ ಅಂತ ನೀನಂದಾಗ ಅಪ್ಪ ಎರಡೂ ಕೈ ಎತ್ತಿ ಶರಣಾದರು. ಉಲ್ಲಾಸ ಕಾಲಿನಲ್ಲಿ ಕಾಣಬೇಕು, ನಡಿಗೆ ಬದಲಾಗಬೇಕು, ಕಾರಣ ಇಲ್ಲದೆಯೂ ಬರಬಹುದು. ಹಿಗ್ಗಿಗೆ ಮಾತ್ರ ಇನ್ನೊಬ್ಬರ ಕಣ್ಣು ಬೇಕು. ಯಾರೋ ಹೊಗಳಿದಾಗಲೋ, ತನ್ನದು ಅನ್ನುವುದನ್ನು ನಾಲ್ಕು ಜನರಿಗೆ ತೋರಿಸುವಾಗಲೋ ಎದೆ ಉಬ್ಬುತ್ತದಲ್ಲ, ಅದು. ನಿನ್ನ ಕೈಬರಹವನ್ನು ಮೇಷ್ಟ್ರು ಹೊಗಳಿದ ದಿನ ನೀನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ, ಅಪ್ಪ ನಿನ್ನನ್ನೇ ದಾರದ ಪಕ್ಕ ನಿಲ್ಲಿಸಿ "ಏಳನೇ ಕ್ಲಿಪ್ಪು ಹೀಗಿರುತ್ತೆ, ಸರಿಯಾಗಿ ನೋಡ್ಕೋ" ಅಂತ ನನಗೆ ತೋರಿಸಿದರು. ಪುಳಕಕ್ಕೆ ಮಾತ್ರ ಜಾಗ ಸಿಗಲಿಲ್ಲ. ಅದು ಚರ್ಮದ ಸಮಾಚಾರ, ಖುಷಿಗೂ ಬರುತ್ತೆ, ಭಯಕ್ಕೂ ಬರುತ್ತೆ ಅಂತ ಅದನ್ನು ಪಕ್ಕಕ್ಕೆ ಕಿಟಕಿಯ ಸರಳಿಗೆ ನೇತುಹಾಕಿದಿರಿ. ಹರ್ಷವನ್ನು ಅಪ್ಪ ದಾರದ ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. "ಅದು ಭಾಷಣದಲ್ಲಿ ಹುಟ್ಟಿ ಭಾಷಣದಲ್ಲೇ ಸಾಯೋ ಪದ, ಮನೆಯೊಳಗೆ ಯಾರ ಬಾಯಲ್ಲೂ ಕೇಳಿಲ್ಲ" ಅಂದರು.

ದೊಡ್ಡ ಜಗಳ ಆಗಿದ್ದು ಮೇಲಿನ ಕ್ಲಿಪ್ಪುಗಳಿಗೆ. ಅಪ್ಪ ಆನಂದವನ್ನು ಕೆಳಗಿಟ್ಟು ಸಂಭ್ರಮವನ್ನು ಮೇಲಿಟ್ಟಿದ್ದರು. ಸಂಭ್ರಮದಲ್ಲಿ ಎಷ್ಟು ಗದ್ದಲ, ಎಷ್ಟು ಓಡಾಟ, ಆನಂದದಲ್ಲಿ ಮನುಷ್ಯ ಸುಮ್ಮನೆ ಕೂತಿರುತ್ತಾನೆ ಅಂತ ಅವರ ವಾದ. ನೀನು ಸ್ಟೂಲಿನ ಮೇಲೆ ಹತ್ತಿ ನಿಂತು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ: "ಸಂಭ್ರಮದಲ್ಲಿ ಇರೋರಿಗೆ ತಾವು ಏನು ಉಟ್ಟಿದ್ದೀವಿ ಅಂತ ಗೊತ್ತಿರುತ್ತೆ ಅಪ್ಪಾ. ಆನಂದದಲ್ಲಿ ಇರೋರಿಗೆ ಗೊತ್ತಿರಲ್ಲ." ಅಪ್ಪ ಪೆನ್ನು ಕೆಳಗಿಟ್ಟರು. ಗದ್ದಲ ಬೇರೆ, ಆಳ ಬೇರೆ ಅನ್ನುವುದು ಅವರಿಗೆ ಹೊಳೆದಿದ್ದು ಅವತ್ತು. ಮನುಷ್ಯ ತನ್ನನ್ನು ತಾನು ಎಷ್ಟು ಮರೆತಿದ್ದಾನೆ ಅನ್ನುವುದೇ ಅಳತೆ ಅಂತ ದಾರದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದರು. ಮೈಮರೆವು ಪರಮಾನಂದವನ್ನೂ ದಾಟಿ ಎಲ್ಲಕ್ಕಿಂತ ಮೇಲೆ ಹೋಗಿದ್ದು ಅದೇ ಸಂಜೆ. ಪರಮಾನಂದ ಅಂತ ಬಾಯಿಬಿಟ್ಟು ಹೇಳಬಲ್ಲವನಿಗೆ ಇನ್ನೂ ಸ್ವಲ್ಪ ಎಚ್ಚರ ಇದೆ ಅಂತ ಅರ್ಥ ತಾನೇ?

ಆಮೇಲೆ ನಿಯಮಗಳು ಬಂದವು. "ತುಂಬಾ" ಅನ್ನುವುದು ಊರುಗೋಲು, ತುಂಬಾ ಖುಷಿ ಅಂತ ಬರೆಯುವ ಬದಲು ಒಂದು ಕ್ಲಿಪ್ಪು ಮೇಲೆ ಹೋಗು. ಒಂದನೇ ಕ್ಲಿಪ್ಪಿನಿಂದ ಒಂಬತ್ತಕ್ಕೆ ಹಾರುವ ಹಾಗಿದ್ದರೆ ಹಾರಿಸುವಂಥದ್ದು ಏನೋ ಕಥೆಯಲ್ಲಿ ಆಗಿರಬೇಕು. ಕಳೆದುಹೋದ ಕೊಡೆ ಸಿಕ್ಕಿದವನಿಗೆ ಸ್ವರ್ಗಕ್ಕೆ ಮೂರೇ ಗೇಣು ಅಂತ ಬರೆದರೆ, ಆ ಕೊಡೆ ಯಾರದು ಅಂತ ಓದುಗನಿಗೆ ಮೊದಲೇ ಹೇಳಿರಬೇಕು. ಪದ ಯಾವುದೋ ಮೈಯೂ ಅದೇ ಆಗಿರಬೇಕು. ನೆಮ್ಮದಿಯಾಗಿರುವವನ ಭುಜ ಇಳಿದಿರುತ್ತದೆ, ಸಂಭ್ರಮದಲ್ಲಿರುವವಳ ಕೈ ಒಂದು ಕಡೆ ನಿಲ್ಲುವುದಿಲ್ಲ, ಆನಂದಕ್ಕೆ ಗಂಟಲು ಕಟ್ಟುತ್ತದೆ. ಮೈಯನ್ನು ಸರಿಯಾಗಿ ಬರೆದರೆ ಪದವನ್ನು ಬರೆಯದಿದ್ದರೂ ನಡೆಯುತ್ತದೆ. ಮತ್ತೆ ಮನುಷ್ಯ ಯಾರು ಅನ್ನುವುದನ್ನೂ ನೋಡಬೇಕು. ಅಪ್ಪನ ಶೆಡ್ಡಿನ ಕಾವಲುಗಾರ ಹುಟ್ಟಿದಾಗಿನಿಂದ "ಪರವಾಗಿಲ್ಲ" ಅನ್ನುವುದಕ್ಕಿಂತ ಮೇಲೆ ಹೋದವನಲ್ಲ. ಅಂಥವನು ಒಂದು ಸಲ "ಚೆನ್ನಾಗಿದೆ" ಅಂದರೆ ಅದು ಇನ್ನೊಬ್ಬರ ಒಂಬತ್ತನೇ ಕ್ಲಿಪ್ಪು. ಕೊನೆಯ ನಿಯಮ, ಮೇಲಿನ ಕ್ಲಿಪ್ಪು ಪುಸ್ತಕಕ್ಕೆ ಒಂದೇ ಸಲ. ಎರಡನೇ ಸಲ ಬರೆದರೆ ಮೊದಲನೆಯದು ಸುಳ್ಳಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದರು.

ಈ ಎಲ್ಲದರಲ್ಲಿ ನನ್ನ ಕೆಲಸ ಏನಿತ್ತು ಹೇಳು? ಕ್ಲಿಪ್ಪು ಹಿಡಿದುಕೊಂಡು ನಿಲ್ಲುವುದು. ನೀವಿಬ್ಬರು ವಾದ ಮಾಡಿ ಮುಗಿಸುವವರೆಗೆ ಬೊಗಸೆ ತುಂಬ ಕ್ಲಿಪ್ಪು ಇಟ್ಟುಕೊಂಡು ನಿಂತಿರುತ್ತಿದ್ದೆ. ಕ್ಲಿಪ್ಪಿ ಅಂತ ನೀನೇ ಹೆಸರಿಟ್ಟೆ. ಒಂದು ಸಲ ನಾನೂ ಧೈರ್ಯ ಮಾಡಿ, ನಲಿವು ಅಂತ ಒಂದು ಪದ ಇದೆ, ಹಾಕೋಣ್ವಾ ಅಂತ ಕೇಳಿದೆ. "ಅದು ಪಾಠದ ಪುಸ್ತಕದಲ್ಲಿ ಬರೋದು ಮರಿ, ಕ್ಲಿಪ್ಪು ಕೊಡು" ಅಂದರು ಅಪ್ಪ. ಪ್ರೀತಿಯಿಂದಲೇ ಅಂದರು. ನೀನು ನಕ್ಕೆ, ನಾನೂ ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದು ನಿನಗೆ ಗೊತ್ತಿಲ್ಲ.

ನೀನು ನರ್ಸಿಂಗ್ ಓದಲು ಹೋದ ದಿನ ಅಪ್ಪ ದಾರದ ಮುಂದೆ ಸುಮ್ಮನೆ ಕೂತಿದ್ದರು. ಬಸ್‌ಸ್ಟ್ಯಾಂಡಿನಿಂದ ಬಂದವರು ಅಂಗಿಯನ್ನೂ ಬಿಚ್ಚಲಿಲ್ಲ. ನಾನು ಹತ್ತಿರ ಹೋಗಿ, ಇನ್ನುಮೇಲೆ ನಾನು ಪ್ರತಿ ಮಾಡಿಕೊಡುತ್ತೇನೆ ಅಪ್ಪಾ ಅಂದೆ. ತಲೆ ಸವರಿ ಹೂಂ ಅಂದರು. ಮೂವತ್ತೈದು ವರ್ಷ ಮಾಡಿದೆ ಅಕ್ಕಾ. ಅವರ ಕೋಳಿಕಾಲಿನ ಅಕ್ಷರವನ್ನು ಪ್ರೆಸ್ಸಿನವರು ಓದುವ ಹಾಗೆ ದುಂಡಗೆ ಬರೆದುಕೊಡುವುದು, ಪ್ರೂಫು ನೋಡುವುದು, ಕ್ಲಿಪ್ಪು ತಪ್ಪಿದ್ದರೆ ಹೇಳುವುದು. "ಅಪ್ಪಾ, ಈ ಮುದುಕ ಮೊನ್ನೆ ತಾನೇ ಮಗನ ಜೊತೆ ಜಗಳ ಆಡಿದ್ದಾನೆ, ಇವತ್ತು ಹೇಗೆ ಉಲ್ಲಾಸವಾಗಿರ್ತಾನೆ?" ಅಂತ ಕೇಳಿದರೆ ಹೌದಲ್ವಾ ಅಂತ ಇಳಿಸುತ್ತಿದ್ದರು. ಆದರೂ ಏನಾದರೂ ತೊಡಕು ಬಂದಾಗ ಅವರ ಬಾಯಲ್ಲಿ ಬರುತ್ತಿದ್ದ ಮೊದಲ ಮಾತು, "ದೊಡ್ಡವಳು ಇದ್ದಿದ್ದರೆ ಏನಂತಿದ್ದಳು?" ಅಂತ. ನಾನು ಎದುರಿಗೇ ಕೂತಿರುತ್ತಿದ್ದೆ.

ಇರಲಿ. ಹೇಳಬೇಕೆಂದಿದ್ದು ಇದಲ್ಲ. ಸಮಾಧಾನ ಅನ್ನುವ ಪದದ ಪರವಾಗಿ ನಿನ್ನ ಹತ್ತಿರ ವಾದ ಮಾಡೋಣ ಅಂತ ಕೂತೆ. ಅಪ್ಪನಿಗೆ ಆಗ ಇಪ್ಪತ್ತಾರು ವರ್ಷ, ಅಮ್ಮ ಎರಡು ದಿನ ನೋವು ತಿಂದಿದ್ದಳು, ಡಾಕ್ಟರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅಷ್ಟು ಕಳವಳದ ಮೇಲೆ ಬರುವ ಸಮಾಧಾನ ಸಣ್ಣದೇನಲ್ಲ, ದಾರದ ಮೇಲೆ ಅದರ ಜಾಗ ಕೆಳಗಿದ್ದರೂ ಅದು ಏರಿ ಬಂದ ಬಾವಿ ಆಳದ್ದು. ಹೀಗೆಲ್ಲ ಬರೆದು ನೋಡಿದೆ. ಓದಿದರೆ ಚೆನ್ನಾಗಿಯೇ ಇದೆ. ಆದರೆ ನೀನು ಒಪ್ಪುವುದಿಲ್ಲ. ಮೂವತ್ತೈದು ವರ್ಷದಿಂದ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಅಪ್ಪಂದಿರಿಗೆ ಸುದ್ದಿ ಹೇಳುವವಳು ನೀನು. ಯಾರಿಗೆ ಭುಜ ಇಳಿಯುತ್ತದೆ, ಯಾರ ಮುಖ ಊರಗಲ ಆಗುತ್ತದೆ, ಯಾರು ಏನೂ ಮಾತಾಡಲಾಗದೆ ಗೋಡೆ ಹಿಡಿದುಕೊಳ್ಳುತ್ತಾರೆ ಅಂತ ನಿನ್ನ ಹಾಗೆ ನೋಡಿದವರು ಇಲ್ಲ. ನನ್ನಪ್ಪ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟವನು ಅಂತ ನೀನು ಪುಸ್ತಕದಲ್ಲಿ ಓದಿ, ಮಾರನೇ ದಿನ ಮತ್ತೆ ಆ ಬಾಗಿಲಲ್ಲಿ ಹೋಗಿ ನಿಂತಿರಬೇಕು. ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ನಾನು ಹುಟ್ಟಿದ್ದಕ್ಕೆ ಅಪ್ಪ ಏನು ಬರೆದರು ಅಂತ ನೀನು ನೋಡಿಯೇ ಇರುತ್ತೀಯ. ನೂರ ಮೂವತ್ತೊಂದನೇ ಪುಟ. "ಚಿಕ್ಕವಳು ಹುಟ್ಟಿದಾಗ ಹಿಗ್ಗಿದೆ, ಶೆಡ್ಡಿನ ಹಮಾಲರಿಗೆಲ್ಲ ಹೇಳಿಕೊಂಡು ಬಂದೆ." ಏಳನೇ ಕ್ಲಿಪ್ಪು. ಅಮ್ಮನ ಆಪರೇಷನ್ ಆಗಿ ಅವಳು ಬದುಕಿದಳು ಅಂತ ತಿಳಿದಾಗ, ನೂರ ಎಂಬತ್ತರಲ್ಲಿ, ಮೈಮರೆತೆ ಅಂತ ಇದೆ. ಇಡೀ ಪುಸ್ತಕದಲ್ಲಿ ಅದೊಂದೇ ಸಲ. ಎಲ್ಲ ನಿಯಮದ ಪ್ರಕಾರವೇ ಇದೆ ಅನ್ನಿಸುತ್ತದೆ, ಅಲ್ವಾ?

ನೀನು ಒಂದು ಸಲ ಬಂದು ಹೋಗು. ನಿನ್ನ ಮಂಚಕ್ಕೆ ಹೊಸ ಹಾಸಿಗೆ ಮಾಡಿಸಿದ್ದೇನೆ. ದಾರ ಯಾವಾಗಲೋ ಹರಿದುಹೋಯಿತು, ಆದರೆ ಗೋಡೆಯ ಮೇಲಿನ ಪೆನ್ಸಿಲ್ ಬರಹ ಹಾಗೇ ಇದೆ, ಸುಣ್ಣ ಹೊಡೆಯುವವರಿಗೆ ಅಷ್ಟು ಜಾಗ ಬಿಟ್ಟು ಹೊಡೆಯಿರಿ ಅಂದಿದ್ದೆ. ಇವರು ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಬರುತ್ತಾರೆ. ಅಷ್ಟಾದರೂ ಒಂದು ಕೆಲಸ ಸಿಗಲಿ ಅವರಿಗೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಕೆಮ್ಮಿಗೆ ನನ್ನ ಗದರಿಕೆ ತಿಳಿಸು. ಇವರು ನಿನ್ನನ್ನು ಕೇಳಿದ್ದಾರೆ. ಚಿಕ್ಕವಳು ನಾನು, ಆಶೀರ್ವಾದ ಮಾಡುವ ಹಾಗಿಲ್ಲ, ನಿನ್ನ ಮಂಡಿ ಬೇಗ ಗುಣವಾಗಲಿ ಅಂತ ಕೇಳಿಕೊಳ್ಳುತ್ತೇನೆ.

ನಿನ್ನ ತಂಗಿ,
ಕ್ಲಿಪ್ಪಿ

ಮರೆತ ಮಾತು: ಮರೆತದ್ದೇನಲ್ಲ ಅಕ್ಕಾ. ಬರೆಯಲು ಇಷ್ಟು ಹಾಳೆ ಬೇಕಾಯಿತು. ಲಕೋಟೆ ಅಂಟಿಸಿ ಮತ್ತೆ ಕಿತ್ತಿದ್ದೇನೆ. ಇವರು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಅದಕ್ಕೇ ಬೇಗ ಬರೆದುಬಿಡುತ್ತೇನೆ. ಆ ಪದ ಅಪ್ಪನದಲ್ಲ, ನನ್ನದು.

ಕಣ್ಣಿಗೆ ಪೊರೆ ಬಂದ ಮೇಲೆ ಅಪ್ಪ ದಪ್ಪ ಮಾರ್ಕರ್ ಪೆನ್ನಿನಲ್ಲಿ ಹಾಳೆಗೆ ನಾಲ್ಕೇ ಸಾಲು ಬರೆಯುತ್ತಿದ್ದರು. ಬರೆದದ್ದನ್ನು ಓದಲು ಅವರಿಗೇ ಆಗುತ್ತಿರಲಿಲ್ಲ. ನಿನ್ನ ಹಾಳೆಯಲ್ಲಿ ಬರೆದದ್ದು ಹೀಗೆ: "ನರ್ಸು ಬಂದು ಹೆಣ್ಣು ಅಂದಳು. ನಾನು ಮೈಮರೆತೆ. ಆಸ್ಪತ್ರೆಯಿಂದ ಶೆಡ್ಡಿನವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ. ಇನ್ನೊಂದು ಎಲ್ಲಿ ಗುಮಾಸ್ತರೇ ಅಂತ ಕಾವಲುಗಾರ ಕೇಳಿದ ಮೇಲೆ ಗೊತ್ತಾಯಿತು." ಅಮ್ಮನ ಪುಟದಲ್ಲೂ ಮೈಮರೆತೆ ಅಂತಲೇ ಬರೆದಿದ್ದರು. ಒಂದು ಪುಸ್ತಕದಲ್ಲಿ ಎರಡು ಸಲ. ನಿಯಮ ತಪ್ಪಿದೆ ಅಪ್ಪಾ, ಯಾವುದನ್ನು ಇಳಿಸಲಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನಿನ್ನದನ್ನು ಇಳಿಸಿದೆ. ನಿಯಮಕ್ಕೋಸ್ಕರ ಆಗಿದ್ದರೆ ಒಂದು ಕ್ಲಿಪ್ಪು ಇಳಿಸಿದರೆ ಸಾಕಿತ್ತು, ನಾನು ಹನ್ನೊಂದರಿಂದ ಒಂದಕ್ಕೆ ಇಳಿಸಿದೆ. ನನ್ನ ಏಳಕ್ಕಿಂತ ಕೆಳಗೆ ಇರಲಿ ಅಂತ. ಸಮಾಧಾನವಾದವನು ಚಪ್ಪಲಿ ಮರೆಯುವುದಿಲ್ಲವಲ್ಲ, ಅದಕ್ಕೆ ಆ ಸಾಲೂ ಹೊಡೆದುಹಾಕಿ ಬೆಂಚು ಬರೆದೆ, ಉಸಿರು ಬರೆದೆ. ಕೆಲಸ ಅಚ್ಚುಕಟ್ಟಾಗಿತ್ತು, ನನಗೆ ಅಪ್ಪನೇ ಕಲಿಸಿದ್ದು. ಹೊಟ್ಟೆಕಿಚ್ಚು ಅಕ್ಕಾ, ಬೇರೇನೂ ಅಲ್ಲ. ಆ ಹಾಳೆ ಇದರ ಜೊತೆಗೇ ಇಟ್ಟಿದ್ದೇನೆ, ಅವರ ಕೈಬರಹ ನಿನಗೆ ಗೊತ್ತಾಗುತ್ತದೆ. ಪ್ರೂಫಿನಲ್ಲಿ ಅವರದ್ದನ್ನೇ ವಾಪಸು ಬರೆದಿದ್ದೇನೆ, ಎರಡು ಸಲ ಇದ್ದರೆ ಇರಲಿ. ಆದರೆ ನೀನು ಓದದೆ ಅದನ್ನು ಪ್ರೆಸ್ಸಿಗೆ ಕೊಡುವುದಿಲ್ಲ.

ಇನ್ನೊಂದಿದೆ. ಪುಸ್ತಕ ಬಂದ ಮೇಲೆ ಅಪ್ಪನಿಗೆ ನಾನೇ ಓದಿ ಹೇಳಿದೆ. ಆ ಪುಟ ಬಂದಾಗ ಎದುರಿಗೆ ಸಮಾಧಾನ ಅಂತ ಅಚ್ಚಾಗಿತ್ತು, ನಾನು ಬಾಯಲ್ಲಿ ಮೈಮರೆತೆ ಅಂತ ಓದಿದೆ, ಚಪ್ಪಲಿಯನ್ನೂ ಓದಿದೆ. ಇನ್ನೊಂದು ಸಲ ಓದು ಅಂದರು. ಅದಾದ ಮೇಲೆ ದಿನಾ ಕೇಳುತ್ತಿದ್ದರು, ದೊಡ್ಡವಳು ಓದಿದಳಾ, ಏನಾದರೂ ಬರೆದಳಾ ಅಂತ. ನಿನ್ನನ್ನು ನೇರವಾಗಿ ಕೇಳುವವರಲ್ಲ, ಓದಿದವರನ್ನು ಬರೆದವನು ಕೇಳಬಾರದು ಅಂತ ಅವರ ಹಟ. ನಾಲ್ಕು ತಿಂಗಳು ಕೇಳಿದರು. ಕೊನೆಗೆ ತಡೆಯಲಾರದೆ ಸುಳ್ಳು ಹೇಳಿದೆ, "ಓದಿದಳಂತೆ ಅಪ್ಪಾ, ಖುಷಿಯಾಯಿತಂತೆ." ಅಪ್ಪ, "ಖುಷಿ ಅಂದಳಾ? ಬರೀ ಖುಷಿನಾ?" ಅಂತ ಕೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಯಾವತ್ತೂ ಕೇಳಲಿಲ್ಲ.